ಕ್ಯಾಲ್ಕುಲೇಟರ್ ತೋರಿಸಿದ್ದರಲ್ಲಿ ಎಷ್ಟು ಅಂಕಿ ಬರೆಯಬೇಕು? ಮೆಕ್ಯಾನಿಕ್ಸ್ ಉತ್ತರಗಳನ್ನು ರೌಂಡ್ ಮಾಡುವ ಬಗೆ

ಮೆಕ್ಯಾನಿಕ್ಸ್ ಲೆಕ್ಕ ಬಿಡಿಸಿ ಮುಗಿಸಿದ ಮೇಲೆ ಕ್ಯಾಲ್ಕುಲೇಟರ್ ಎಂಟು-ಹತ್ತು ಅಂಕಿ ತೋರಿಸುತ್ತದೆ. ಅದರಲ್ಲಿ ಎಷ್ಟನ್ನು ಉತ್ತರವಾಗಿ ಬರೆಯಬೇಕು ಎಂದು ಕೇಳಿದರೆ ಪಿಯು ಓದುವ ಹೆಚ್ಚಿನ ಮಕ್ಕಳು ಒಂದು ನಿಯಮ ಹೇಳುತ್ತಾರೆ. "ಕೊಟ್ಟ ಸಂಖ್ಯೆಗಳಲ್ಲಿ ಯಾವುದರಲ್ಲಿ ಸಾರ್ಥಕ ಅಂಕಿ ಕಡಿಮೆ ಇದೆಯೋ, ಉತ್ತರದಲ್ಲೂ ಅಷ್ಟೇ ಇರಬೇಕು." ಗುಣಾಕಾರ, ಭಾಗಾಕಾರ ಮಾತ್ರ ಇದ್ದಾಗ ಈ ನಿಯಮ ಸಾಕು. ಆದರೆ ಮೆಕ್ಯಾನಿಕ್ಸ್‌ನಲ್ಲಿ ಒಂದು ಬಲದಿಂದ ಇನ್ನೊಂದು ಬಲವನ್ನು ಕಳೆಯುವ ಕೆಲಸ ಪದೇ ಪದೇ ಬರುತ್ತದೆ. ಅಲ್ಲಿ ಈ ನಿಯಮ ಕೈಕೊಡುತ್ತದೆ, ಅದೂ ಗೊತ್ತೇ ಆಗದ ಹಾಗೆ. ಈ ಲೇಖನದಲ್ಲಿ ಮುಖ್ಯವಾಗಿ ಆ ಜಾಗವನ್ನೇ ನೋಡೋಣ. ಮೊದಲು ಒಂದು ಸುಲಭದ ಲೆಕ್ಕ, ಆಮೇಲೆ ಕಷ್ಟದ್ದು.

ಮೊದಲ ಹೆಜ್ಜೆ: ಕೊಟ್ಟ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡಿ

ಶಿರಸಿ ಕಡೆಯ ಒಂದು ಮನೆಯ ಬಾವಿ. ನೀರು ಎಷ್ಟು ಕೆಳಗಿದೆ ಎಂದು ತಿಳಿಯಲು ಒಂದು ಸಣ್ಣ ಕಲ್ಲನ್ನು ಕೈಬಿಟ್ಟು, ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಸಮಯ ನೋಡಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ 1.62 ಸೆಕೆಂಡ್ ಬಂತು. ಸೂತ್ರ ಎಲ್ಲರಿಗೂ ಗೊತ್ತಿರುವುದೇ:

```
h = ½ g t²
```

g ಗೆ 9.8 ಹಾಕಿದರೆ ಉತ್ತರ 12.85956 ಮೀಟರ್. ಪುಸ್ತಕದ ನಿಯಮ ಹಿಡಿದರೆ 9.8 ರಲ್ಲಿ ಎರಡು ಸಾರ್ಥಕ ಅಂಕಿ ಇವೆ, ಹಾಗಾಗಿ ಉತ್ತರ 13 ಮೀಟರ್. ಸೂತ್ರದ ½ ಅಳತೆಯಿಂದ ಬಂದದ್ದಲ್ಲ. ಅದು ನಿಖರವಾದ ಸಂಖ್ಯೆ, ಅದರ ಅಂಕಿಗಳನ್ನು ಎಣಿಸುವ ಹಾಗಿಲ್ಲ. "½ ಅಂದರೆ 0.5, ಅದರಲ್ಲಿ ಒಂದೇ ಅಂಕಿ, ಹಾಗಾದರೆ ಉತ್ತರವೂ ಒಂದೇ ಅಂಕಿಯಲ್ಲಿ ಬರೆಯಬೇಕಾ ಸರ್?" ಎಂದು ಪ್ರತಿವರ್ಷ ಯಾರಾದರೂ ಕೇಳುತ್ತಾರೆ. ಬೇಡ. ಎಣಿಸಿ ಬಂದ ಸಂಖ್ಯೆಗಳು, ಸೂತ್ರದೊಳಗಿನ 2, ½ ಇಂಥವು, ಗಂಟೆಗೆ 3600 ಸೆಕೆಂಡ್ ಎನ್ನುವಂಥ ಪರಿವರ್ತನೆಗಳು ಯಾವುವೂ ಉತ್ತರದ ಅಂಕಿಗಳನ್ನು ಕಡಿಮೆ ಮಾಡುವುದಿಲ್ಲ.

ಈಗ 1.62 ನೋಡೋಣ. ಮೊಬೈಲು ಸೆಕೆಂಡಿನ ನೂರನೇ ಒಂದು ಭಾಗ ತೋರಿಸಿತು, ಸರಿ. ಆದರೆ ಸದ್ದು ಕೇಳಿ ಬೆರಳು ಒತ್ತಲು ಮನುಷ್ಯನಿಗೆ ಸೆಕೆಂಡಿನ ಹತ್ತನೇ ಒಂದೆರಡು ಭಾಗ ಬೇಕೇ ಬೇಕು. ಕಲ್ಲು ಬಿಡುವಾಗಲೂ ಅಷ್ಟೇ, ಹಾಗಾಗಿ ಒಂದಷ್ಟು ವಜಾ ಆಗುತ್ತದೆ. ಆದರೂ 0.1 ಸೆಕೆಂಡ್ ಆಚೀಚೆ ಆಗುವುದು ತಪ್ಪುವುದಿಲ್ಲ. ಅಂದರೆ ನಿಜವಾದ ಸಮಯ 1.52 ರಿಂದ 1.72 ರ ನಡುವೆ ಎಲ್ಲೋ ಇದೆ. ಎರಡನ್ನೂ ಸೂತ್ರಕ್ಕೆ ಹಾಕಿ ನೋಡಿ. ಒಂದು ಕಡೆ 11.3 ಮೀಟರ್, ಇನ್ನೊಂದು ಕಡೆ 14.5 ಮೀಟರ್ ಬರುತ್ತದೆ.

ಸಮಯದಲ್ಲಿ ಆರು ಶೇಕಡಾ ವ್ಯತ್ಯಾಸ ಆಗಿದ್ದು ಆಳದಲ್ಲಿ ಹನ್ನೆರಡು ಶೇಕಡಾ ಆಯಿತು. t ಗೆ ವರ್ಗ ಇರುವುದರಿಂದ ಹೀಗೆ. ವರ್ಗ ಮಾಡಿದರೆ ಶೇಕಡಾ ದೋಷ ಎರಡು ಪಟ್ಟಾಗುತ್ತದೆ, ವರ್ಗಮೂಲ ತೆಗೆದರೆ ಅರ್ಧ ಆಗುತ್ತದೆ. ಆದ್ದರಿಂದ ಇಲ್ಲಿ ಪ್ರಾಮಾಣಿಕ ಉತ್ತರ "ಸುಮಾರು 13 ಮೀಟರ್, ಒಂದೂವರೆ ಮೀಟರ್ ಆಚೀಚೆ". 12.86 ಎಂದು ಬರೆದರೆ ಸೆಂಟಿಮೀಟರಿನ ತನಕ ಗೊತ್ತಿದೆ ಎಂದು ಹೇಳಿದ ಹಾಗಾಯಿತು. ಅಷ್ಟು ನಮಗೆ ಗೊತ್ತಿಲ್ಲ.

ಇದೇ ಬಾವಿಯಲ್ಲಿ ಇನ್ನೊಂದು ವಿಷಯ ಇದೆ. ಕಲ್ಲು ನೀರಿಗೆ ಬಿದ್ದ ಸದ್ದು ಮೇಲೆ ಬರಲೂ ಸಮಯ ಬೇಕಲ್ವಾ? ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹನ್ನೆರಡು-ಹದಿಮೂರು ಮೀಟರ್ ಏರಲು 0.04 ಸೆಕೆಂಡ್ ಹಿಡಿಯುತ್ತದೆ. ಅದನ್ನು ಕಳೆದರೆ ಆಳ 12.3 ಮೀಟರಿಗೆ ಇಳಿಯುತ್ತದೆ, ಅಂದರೆ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಒಂದೇ ಸಲ ಕಲ್ಲು ಹಾಕಿ ನೋಡಿದ್ದರೆ ಕೈಯ ದೋಷವೇ ಒಂದೂವರೆ ಮೀಟರ್, ಸದ್ದಿನ ತಿದ್ದುಪಡಿ ಅದರೊಳಗೆ ಮುಚ್ಚಿಹೋಗುತ್ತದೆ. ಹತ್ತು ಸಲ ಹಾಕಿ ಸರಾಸರಿ ತೆಗೆದರೆ ಕೈಯ ಏರುಪೇರು ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಆಳದಲ್ಲಿ ಉಳಿಯುವ ಅನುಮಾನ ಅರ್ಧ ಮೀಟರ್. ಈಗ ಸದ್ದಿನ ತಿದ್ದುಪಡಿಯನ್ನು ಬಿಟ್ಟರೆ ಉತ್ತರ ತಪ್ಪು. ಏಕೆಂದರೆ ಅದು ಯಾವಾಗಲೂ ಒಂದೇ ಕಡೆ ಎಳೆಯುವ ದೋಷ, ಎಷ್ಟು ಸಲ ಸರಾಸರಿ ತೆಗೆದರೂ ಹೋಗುವುದಿಲ್ಲ. ಮನೆಯ ಯಜಮಾನರನ್ನು ಕೇಳಿದರೆ ಹಗ್ಗದ ಲೆಕ್ಕದಲ್ಲಿ "ನಲ್ವತ್ತಡಿ ಇದ್ದು ತಮಾ" ಎನ್ನಬಹುದು. ನಲವತ್ತು ಅಡಿ ಎಂದರೆ 12.2 ಮೀಟರ್. ಹಗ್ಗ ಇಳಿಸಿ ಅಳೆದದ್ದು ಇಂಥ ಕಡೆ ಸ್ಟಾಪ್‌ವಾಚಿಗಿಂತ ಎಷ್ಟೋ ಮೇಲು.

ಎರಡನೇ ಹೆಜ್ಜೆ: ಕಳೆಯುವ ಜಾಗವನ್ನು ಹುಡುಕಿ

ಈಗ ಮುಖ್ಯ ಲೆಕ್ಕ. ಲಾರಿಯಿಂದ ಅಡಿಕೆ ಚೀಲ ಇಳಿಸಬೇಕಾಗಿದೆ. ಲಾರಿಯ ಹಿಂಬದಿಗೆ 3.0 ಮೀಟರ್ ಉದ್ದದ ಹಲಗೆ ಆನಿಸಿದ್ದಾರೆ, ನೆಲಕ್ಕೆ 20° ಕೋನ. ಹಲಗೆಗೂ ಗೋಣಿಗೂ ನಡುವಿನ ಘರ್ಷಣಾಂಕ 0.35. ಚೀಲವನ್ನು ಮೇಲಿಂದ ಮೆಲ್ಲಗೆ ದೂಡಿ ಬಿಟ್ಟರೆ ಅದರ ವೇಗೋತ್ಕರ್ಷ ಎಷ್ಟು, ಕೆಳಗೆ ತಲುಪಲು ಎಷ್ಟು ಹೊತ್ತು ಬೇಕು?

ಮೊದಲು ಅಕ್ಷರಗಳಲ್ಲೇ ಬಿಡಿಸಿ, ಸಂಖ್ಯೆ ಹಾಕಬೇಡಿ. ಇಳಿಜಾರಿನ ಉದ್ದಕ್ಕೆ ಕೆಳಗೆ ಎಳೆಯುವ ಬಲ mg sin θ, ತಡೆಯುವ ಘರ್ಷಣೆ μmg cos θ. ಒಂದರಿಂದ ಇನ್ನೊಂದನ್ನು ಕಳೆದು m ನಿಂದ ಭಾಗಿಸಿದರೆ:

```
a = g (sin θ − μ cos θ)
t = √(2L / a)
```

ಚೀಲದ ತೂಕ ಹೊರಟೇ ಹೋಯಿತು. ಅಕ್ಷರಗಳಲ್ಲಿ ಬಿಡಿಸಿದ್ದರ ಮೊದಲ ಲಾಭ ಇದು. 65 ಕಿಲೋನೋ 70 ಕಿಲೋನೋ ಎಂಬ ಅನುಮಾನ ಲೆಕ್ಕದೊಳಗೆ ಬರಲೇ ಇಲ್ಲ. ಎರಡನೇ ಲಾಭ, ಆವರಣದೊಳಗೆ ಒಂದು ಕಳೆಯುವ ಚಿಹ್ನೆ ಕಣ್ಣಿಗೆ ಬಿತ್ತು. ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಗೆರೆ ಹಾಕಿ. ಅಲ್ಲಿ ಎರಡು ಹತ್ತಿರ ಹತ್ತಿರದ ಸಂಖ್ಯೆಗಳು ಬಂದರೆ ಎಚ್ಚರ ಬೇಕು.

ಈಗ ಸಂಖ್ಯೆ ಹಾಕೋಣ. sin 20° ಎಂದರೆ 0.34202. cos 20° ಎಂದರೆ 0.93969, ಅದನ್ನು 0.35 ರಿಂದ ಗುಣಿಸಿದರೆ 0.32889. ಕಳೆದರೆ 0.01313 ಉಳಿಯುತ್ತದೆ. 9.8 ರಿಂದ ಗುಣಿಸಿದರೆ a = 0.1287 ಮೀ/ಸೆ². ಸಮಯ 6.83 ಸೆಕೆಂಡ್.

ಇದನ್ನೇ "ಎರಡಂಕಿ ಸಾಕು" ಎಂದು ಪ್ರತಿ ಹೆಜ್ಜೆಯಲ್ಲೂ ರೌಂಡ್ ಮಾಡುತ್ತಾ ಹೋದವರ ಉತ್ತರ ನೋಡಿ. sin 20° ಗೆ 0.34, ಘರ್ಷಣೆಯ ಭಾಗಕ್ಕೆ 0.33. ಕಳೆದರೆ 0.01. ವೇಗೋತ್ಕರ್ಷ 0.098 ಮೀ/ಸೆ², ಸಮಯ 7.8 ಸೆಕೆಂಡ್. ವೇಗೋತ್ಕರ್ಷ ಸುಮಾರು ಕಾಲು ಭಾಗ ಕಡಿಮೆ ಬಂತು, ಸಮಯ ಒಂದು ಸೆಕೆಂಡ್ ಜಾಸ್ತಿ. ವಿಧಾನ ಸರಿ, ಸೂತ್ರ ಸರಿ, ಗುಣಾಕಾರವೂ ಸರಿ. ಎಡವಿದ್ದು ನಡುವೆ ರೌಂಡ್ ಮಾಡಿದ ಜಾಗದಲ್ಲಿ ಮಾತ್ರ.

ಯಾಕೆ ಹೀಗಾಗುತ್ತದೆ ಎಂದು ನೋಡಿದರೆ ಕಾರಣ ಸರಳ. 0.342 ಮತ್ತು 0.329 ಎರಡರಲ್ಲೂ ಮೊದಲ ಅಂಕಿ 3. ಕಳೆದಾಗ ಅದು ಹೊರಟುಹೋಗುತ್ತದೆ. ಉಳಿಯುವುದು ಹಿಂದಿನ ಅಂಕಿಗಳ ವ್ಯತ್ಯಾಸ. ಆ ಹಿಂದಿನ ಅಂಕಿಗಳನ್ನೇ ನಾವು ಮೊದಲೇ ಕತ್ತರಿಸಿ ಎಸೆದಿದ್ದೆವು. ಕೂಡುವಾಗ, ಗುಣಿಸುವಾಗ ಇಂಥ ನಷ್ಟ ಆಗುವುದಿಲ್ಲ. ಹತ್ತಿರದ ಎರಡು ಸಂಖ್ಯೆಗಳನ್ನು ಕಳೆಯುವಾಗ ಮಾತ್ರ ಆಗುತ್ತದೆ.

ಹಾಗಾಗಿ ನಡುವಿನ ಹೆಜ್ಜೆಗಳಲ್ಲಿ ಕ್ಯಾಲ್ಕುಲೇಟರಿನ ಸಂಖ್ಯೆಯನ್ನು ಹಾಗೇ ಇಟ್ಟುಕೊಂಡು ಮುಂದುವರಿಯಿರಿ. ಮೆಮೊರಿ ಬಟನ್ ಅಥವಾ `Ans` ಬಳಸಿದರೆ ಕಾಗದಕ್ಕೆ ಇಳಿಸಿ ಮತ್ತೆ ಒತ್ತುವ ಕೆಲಸವೂ ಇಲ್ಲ. ಕೈಯಲ್ಲೇ ಮಾಡುವಾಗ ಉತ್ತರಕ್ಕೆ ಬೇಕಾದದ್ದಕ್ಕಿಂತ ಎರಡಂಕಿ ಜಾಸ್ತಿ ಇಟ್ಟುಕೊಳ್ಳಿ. ಕಳೆಯುವ ಜಾಗ ಇದ್ದರೆ ಕಳೆದ ಮೇಲೆ ಎಷ್ಟು ಅಂಕಿ ಉಳಿದವು ಎಂದು ಎಣಿಸಿ. 0.342 − 0.329 = 0.013 ಎಂದು ಮೂರಂಕಿ ಇಟ್ಟವರಿಗೆ ಸಮಯ 6.86 ಬರುತ್ತದೆ. ಪೂರ್ತಿ ಲೆಕ್ಕದ 6.83 ಕ್ಕೆ ಅದು ಸಾಕಷ್ಟು ಹತ್ತಿರ.

ಮೂರನೇ ಹೆಜ್ಜೆ: ಕೊನೆಯ ಅಂಕಿಯನ್ನು ಅಲ್ಲಾಡಿಸಿ ನೋಡಿ

ನಡುವೆ ರೌಂಡ್ ಮಾಡಲಿಲ್ಲ, a = 0.1287 ಎಂದು ಸರಿಯಾಗಿ ಬಂತು. ಈಗ ಎಷ್ಟು ಅಂಕಿ ಬರೆಯಬೇಕು? ಕೊಟ್ಟ ಸಂಖ್ಯೆಗಳೆಲ್ಲ ಎರಡಂಕಿಯವು, ಹಾಗಾಗಿ 0.13 ಎನ್ನುತ್ತದೆ ನಿಯಮ. ಅದನ್ನು ನಂಬುವ ಮೊದಲು ಒಂದು ಪರೀಕ್ಷೆ ಮಾಡೋಣ. ನನಗೆ ಇಡೀ ವಿಷಯದಲ್ಲಿ ತುಂಬಾ ಉಪಯೋಗಕ್ಕೆ ಬಂದದ್ದು ಈ ಪರೀಕ್ಷೆಯೇ.

ಘರ್ಷಣಾಂಕ 0.35 ಎಂದು ಬರೆದಿದ್ದಾರೆ. ಎರಡಂಕಿಗೆ ರೌಂಡ್ ಮಾಡಿದ 0.35 ಎಂದರೆ ನಿಜವಾದ ಬೆಲೆ 0.345 ರಿಂದ 0.355 ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಎರಡು ತುದಿಗಳನ್ನೂ ಹಾಕಿ ನೋಡಿ. 0.345 ಹಾಕಿದರೆ a = 0.175, 0.355 ಹಾಕಿದರೆ a = 0.083. ಒಂದು ಇನ್ನೊಂದರ ಎರಡು ಪಟ್ಟಿಗಿಂತ ಜಾಸ್ತಿ!

ಕೋನವನ್ನೂ ಅಲ್ಲಾಡಿಸಿ. 20° ಎಂಬುದು 19.5° ಇದ್ದರೆ a = 0.038, 20.5° ಇದ್ದರೆ 0.22. ಎರಡೂ ಒಟ್ಟಿಗೆ ಕೆಟ್ಟ ಕಡೆಗೆ ಹೋದರೆ, ಅಂದರೆ ಕೋನ 19.5° ಮತ್ತು ಘರ್ಷಣಾಂಕ 0.355 ಆದರೆ, sin 19.5° = 0.3338, ಘರ್ಷಣೆಯ ಭಾಗ 0.3346. ಎಳೆಯುವುದಕ್ಕಿಂತ ತಡೆಯುವುದೇ ಜಾಸ್ತಿ. ದೂಡಿದ ಚೀಲ ಸ್ವಲ್ಪ ಜಾರಿ ಅಲ್ಲೇ ನಿಲ್ಲುತ್ತದೆ.

ನಾಲ್ಕು ದಶಾಂಶ ಸ್ಥಾನದ ತನಕ ವೇಗೋತ್ಕರ್ಷ ಲೆಕ್ಕ ಹಾಕಿದ್ದೆವು. ಈಗ ನೋಡಿದರೆ ಚೀಲ ಕೆಳಗೆ ಬರುತ್ತದೋ ಇಲ್ಲವೋ ಎಂಬುದೇ ಈ ಸಂಖ್ಯೆಗಳಿಂದ ಗೊತ್ತಾಗುವುದಿಲ್ಲ. ಹಲಗೆಯ ಮೇಲೆ ನಿಜವಾಗಿ ಅಳೆದ ಸಂಖ್ಯೆಗಳಾಗಿದ್ದರೆ 0.13 ಎಂದು ಎರಡಂಕಿ ಬರೆಯುವುದೂ ಜಾಸ್ತಿಯೇ. "ಸುಮಾರು 0.1 ಮೀ/ಸೆ², ನಿಂತುಬಿಡುವ ಸಾಧ್ಯತೆಯೂ ಇದೆ" ಎಂಬುದು ಸರಿಯಾದ ಉತ್ತರ. ಇಳಿಸುವವರಿಗೆ ಬೇಕಾಗುವುದೂ ಅದೇ. ಇಷ್ಟು ಕಡಿಮೆ ಇಳಿಜಾರಿನಲ್ಲಿ ಚೀಲ ತಾನಾಗಿ ಜಾರುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ.

ಅದೇ ಹಲಗೆಯನ್ನು 30° ಗೆ ಏರಿಸಿ ನೋಡಿ. ಈಗ sin 30° = 0.5, ಘರ್ಷಣೆಯ ಭಾಗ 0.303. ಎರಡೂ ಹತ್ತಿರವಿಲ್ಲ. ಕಳೆದರೆ 0.197, ವೇಗೋತ್ಕರ್ಷ 1.93. ಘರ್ಷಣಾಂಕವನ್ನು ಮೊದಲಿನ ಹಾಗೇ ಅಲ್ಲಾಡಿಸಿದರೆ 1.89 ರಿಂದ 1.97. ಕೋನವನ್ನು ಅರ್ಧ ಡಿಗ್ರಿ ಅಲ್ಲಾಡಿಸಿದರೆ 1.84 ರಿಂದ 2.02. ಇಲ್ಲಿ 1.9 ಎಂದು ಎರಡಂಕಿ ಧೈರ್ಯವಾಗಿ ಬರೆಯಬಹುದು. ಅದೇ ಸೂತ್ರ, ಅದೇ ಹಲಗೆ, ಕೊಟ್ಟ ಸಂಖ್ಯೆಗಳಲ್ಲಿ ಅಷ್ಟೇ ಅಂಕಿಗಳು. ಒಂದು ಕಡೆ ಪುಸ್ತಕದ ನಿಯಮ ಕೆಲಸ ಮಾಡಿತು, ಇನ್ನೊಂದು ಕಡೆ ಮಾಡಲಿಲ್ಲ. ಅಂಕಿ ಎಣಿಸುವ ನಿಯಮ ಒಂದು ಅಡ್ಡದಾರಿ ಅಷ್ಟೇ. ಅನುಮಾನ ಬಂದಾಗ ಕೊಟ್ಟ ಸಂಖ್ಯೆಯ ಕೊನೆಯ ಅಂಕಿಯನ್ನು ಅರ್ಧದಷ್ಟು ಮೇಲೆ, ಅರ್ಧದಷ್ಟು ಕೆಳಗೆ ಮಾಡಿ ಇನ್ನೊಮ್ಮೆ ಲೆಕ್ಕ ಹಾಕಿ. ಉತ್ತರದ ಯಾವ ಅಂಕಿ ಅಲ್ಲಾಡುತ್ತದೋ ಅಲ್ಲಿಗೆ ನಿಲ್ಲಿಸಿ.

ಎರಡು ಹಗ್ಗಗಳ ಎಳೆತದ ವ್ಯತ್ಯಾಸ, ರಾಟೆಯ ಎರಡು ಕಡೆ ಹೆಚ್ಚು ಕಡಿಮೆ ಸಮ ತೂಕ ಇರುವ ಲೆಕ್ಕ, ಡಿಕ್ಕಿಗೆ ಮೊದಲು ಮತ್ತು ನಂತರದ ಚಲನಶಕ್ತಿಯ ವ್ಯತ್ಯಾಸ, ಹಾಗೂ ಒಂದೇ ದಿಕ್ಕಿಗೆ ಹೋಗುವ ಎರಡು ವಾಹನಗಳ ಸಾಪೇಕ್ಷ ವೇಗ, ಇವೆಲ್ಲ ಇದೇ ಜಾತಿಯವು. ಸೂತ್ರದಲ್ಲಿ ಕಳೆಯುವ ಚಿಹ್ನೆ ಇದ್ದು, ಎರಡು ಕಡೆಯ ಸಂಖ್ಯೆಗಳ ಮೊದಲ ಅಂಕಿಗಳು ಒಂದೇ ಆಗಿದ್ದರೆ ಈ ಪರೀಕ್ಷೆ ಮಾಡಿ. ಬೇರೆ ಕಡೆ ಸಮಯ ಹಾಳು ಮಾಡಬೇಕಾಗಿಲ್ಲ.

ನಾಲ್ಕನೇ ಹೆಜ್ಜೆ: ಒಂದೇ ಸಲ, ಕೊನೆಯಲ್ಲಿ ರೌಂಡ್ ಮಾಡಿ

ರೌಂಡ್ ಮಾಡುವ ನಿಯಮ ಎಲ್ಲರಿಗೂ ಗೊತ್ತು. ಬಿಡುವ ಅಂಕಿ 5 ಕ್ಕಿಂತ ಜಾಸ್ತಿ ಇದ್ದರೆ ಹಿಂದಿನದಕ್ಕೆ ಒಂದು ಕೂಡಿಸುವುದು, ಕಡಿಮೆ ಇದ್ದರೆ ಸುಮ್ನೆ ಬಿಡುವುದು. ಸರಿಯಾಗಿ 5 ಬಂದು ಅದರಾಚೆ ಏನೂ ಇಲ್ಲದಿದ್ದರೆ ಪಿಯು ಭೌತಶಾಸ್ತ್ರದ ಪುಸ್ತಕ ಸಮಸಂಖ್ಯೆಯ ಕಡೆಗೆ ಹೋಗಲು ಹೇಳುತ್ತದೆ. 4.65 ಇದ್ದರೆ 4.6, 4.75 ಇದ್ದರೆ 4.8. ಭಾರತೀಯ ಮಾನಕಗಳಲ್ಲಿ ಇದಕ್ಕೆ ಪ್ರತ್ಯೇಕ ಮಾನಕವೇ ಇದೆ, ಐಎಸ್ 2. ಸಿಮೆಂಟು, ಕಬ್ಬಿಣದ ಸರಳು ಇಂಥವುಗಳ ಮಾನಕ ಪತ್ರ ತೆಗೆದರೆ, ಪರೀಕ್ಷೆಯ ಫಲಿತಾಂಶವನ್ನು ಹೇಗೆ ರೌಂಡ್ ಮಾಡಬೇಕು ಎಂದು ಅದರ ಹೆಸರು ಹೇಳಿರುವುದು ಕಾಣುತ್ತದೆ.

ಆದರೆ ಈ 5 ರ ನಿಯಮಕ್ಕಿಂತ ಜಾಸ್ತಿ ತಪ್ಪಾಗುವುದು ಎರಡೆರಡು ಸಲ ರೌಂಡ್ ಮಾಡುವುದರಿಂದ. 12.46 ನ್ನು ಎರಡಂಕಿಗೆ ತರಬೇಕು. ಮೊದಲು 12.5 ಮಾಡಿ, ಆಮೇಲೆ 13 ಮಾಡುವವರಿದ್ದಾರೆ. ನೇರವಾಗಿ ನೋಡಿದರೆ 12.46 ಹತ್ತಿರ ಇರುವುದು 12 ಕ್ಕೆ. ಹಾಳೆಯ ಮೇಲೆ ಒಂದು ಉತ್ತರ ಬರೆದು, ಅದರ ಕೆಳಗೆ ಅದನ್ನೇ ನೋಡಿ ಇನ್ನೊಂದು ಬರೆಯುವಾಗ ಇದು ಸಲೀಸಾಗಿ ಆಗಿಬಿಡುತ್ತದೆ. ಪೂರ್ತಿ ಸಂಖ್ಯೆಯನ್ನು ಬದಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಸೊನ್ನೆಗಳ ಬಗ್ಗೆ ಒಂದೇ ಮಾತು. ಹೊನ್ನಾವರದ ಹತ್ತಿರ ಶರಾವತಿಗೆ ಕಟ್ಟಿದ ಕೊಂಕಣ ರೈಲ್ವೆ ಸೇತುವೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಉದ್ದ ಇದೆ. ಅದನ್ನು ಲೆಕ್ಕದಲ್ಲಿ 2000 ಮೀಟರ್ ಎಂದು ಬರೆದರೆ ಯಾವ ಸೊನ್ನೆ ಅಳೆದು ಬಂದದ್ದು, ಯಾವುದು ಜಾಗ ತುಂಬಲು ಹಾಕಿದ್ದು ಎಂದು ಓದುವವರಿಗೆ ತಿಳಿಯುವುದಿಲ್ಲ. 2.0 × 10³ ಎಂದು ಬರೆದರೆ ಎರಡಂಕಿ ಎಂದು ಸ್ಪಷ್ಟ.

g ಗೆ ಎಷ್ಟು ಹಾಕಬೇಕು?

ಪ್ರಶ್ನೆಪತ್ರಿಕೆ g ಕೊಟ್ಟಿದ್ದರೆ ಅದನ್ನೇ ಹಾಕಿ, ವಾದ ಬೇಡ. g = 10 ಎಂದು ಕೊಟ್ಟಿದ್ದಾಗ 9.8 ಹಾಕಿದರೆ ಉತ್ತರ ಎರಡು ಶೇಕಡಾ ಬದಲಾಗುತ್ತದೆ. ಆಯ್ಕೆಗಳು ಹತ್ತಿರ ಹತ್ತಿರ ಇದ್ದರೆ ತಪ್ಪು ಆಯ್ಕೆಗೆ ಹೋಗಲು ಅಷ್ಟು ಸಾಕು.

ಕೊಡದೇ ಇದ್ದಾಗ ಕೆಲವರು 9.81 ಹಾಕಿ, "ಮೂರಂಕಿ ಇದೆ, ಇನ್ನೂ ನಿಖರ" ಎನ್ನುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕೂತು ಹಾಗೆ ಹೇಳುವುದು ಸರಿಯಲ್ಲ. 1901 ರಲ್ಲಿ ಒಪ್ಪಿಕೊಂಡ ಮಾನಕ ಬೆಲೆ 9.80665, ಅದು ಹೆಚ್ಚುಕಡಿಮೆ 45° ಅಕ್ಷಾಂಶದ ಬೆಲೆ. ಭೂಮಿ ಸಮಭಾಜಕದ ಹತ್ತಿರ ಉಬ್ಬಿರುವುದರಿಂದ ಮತ್ತು ಅಲ್ಲಿ ತಿರುಗುವ ವೇಗ ಜಾಸ್ತಿ ಇರುವುದರಿಂದ g ಕಡಿಮೆಯಾಗುತ್ತದೆ. ಕಾರವಾರ 15° ಅಕ್ಷಾಂಶದ ಆಸುಪಾಸಿನಲ್ಲಿದೆ. ಅಕ್ಷಾಂಶದ ಸೂತ್ರ ಹಾಕಿದರೆ ಇಲ್ಲಿ g ಸುಮಾರು 9.78. ಘಟ್ಟ ಹತ್ತಿ ಶಿರಸಿಗೆ ಹೋದರೂ ಕಡಿಮೆಯಾಗುವುದು ಮೂರನೇ ದಶಾಂಶ ಸ್ಥಾನದಲ್ಲಿ, ಹಾಗಾಗಿ ಅಲ್ಲಿಯೂ 9.78 ಎಂದೇ ಬರೆಯಬಹುದು. ಅಂದರೆ ಕಾರವಾರದ ಲ್ಯಾಬಿನಲ್ಲಿ ಲೋಲಕ ತೂಗಿಸಿ 9.78 ಬಂದರೆ ಅದನ್ನು ತಿದ್ದಿ 9.81 ಮಾಡುವುದು ತಪ್ಪು. ಸರಿಯಾದ ಅಳತೆಯನ್ನು ಹಾಳು ಮಾಡಿದ ಹಾಗೆ. ಎರಡಂಕಿ ಸಾಕಾದ ಲೆಕ್ಕಗಳಿಗೆ 9.8 ಎಲ್ಲ ಕಡೆಗೂ ಸರಿಹೊಂದುತ್ತದೆ.

ಪರೀಕ್ಷೆಯಲ್ಲಿ

ಪರೀಕ್ಷೆಯ ಲೆಕ್ಕದಲ್ಲಿ 20°, 0.35 ಎಂದು ಕೊಟ್ಟರೆ ಅವನ್ನು ಹಾಗೇ ನಿಖರ ಎಂದು ತೆಗೆದುಕೊಳ್ಳಬೇಕು. ಕೊನೆಯ ಅಂಕಿ ಅಲ್ಲಾಡಿಸಿ "ಚೀಲ ನಿಲ್ಲಲೂಬಹುದು" ಎಂದು ಬರೆಯುವ ಜಾಗ ಅದಲ್ಲ. ಅಲ್ಲಿ 0.13 ಮೀ/ಸೆ² ಸರಿ. ಉತ್ತರ 2√5 ಅಥವಾ √(2gh) ಎಂದು ಬಂದರೆ, ದಶಾಂಶದಲ್ಲಿ ಕೇಳದ ಹೊರತು ಹಾಗೇ ಬಿಡಿ. ಅದರಲ್ಲಿ ಕಳೆದುಹೋಗುವಂಥದ್ದು ಏನೂ ಇಲ್ಲ.

ಆಯ್ಕೆಗಳು 2, 4, 8, 16 ಎಂದಿದ್ದರೆ ಅಂಕಿಗಳ ಚಿಂತೆಯೇ ಬೇಡ. ಒರಟು ಲೆಕ್ಕ ಸಾಕು, g = 10 ಹಾಕಿದರೂ ನಡೆಯುತ್ತದೆ. ಆದರೆ ಜೆಇಇ ಮೈನ್‌ನಲ್ಲಿ ಸಂಖ್ಯೆಯನ್ನೇ ತುಂಬುವ ಪ್ರಶ್ನೆಗಳಿವೆ, ಉತ್ತರವನ್ನು ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿ ಎಂದಿರುತ್ತದೆ. ನಮ್ಮ ಚೀಲದ ಲೆಕ್ಕ ಅಲ್ಲಿ ಬಂತು ಎಂದುಕೊಳ್ಳಿ. ಸಮಯ 6.83 ಬಂದವರು 7 ತುಂಬುತ್ತಾರೆ. ನಡುವೆ ಎರಡಂಕಿಗೆ ಕತ್ತರಿಸಿದವರಿಗೆ 7.8 ಬಂದಿತ್ತು, ಅವರು 8 ತುಂಬುತ್ತಾರೆ. ಅಲ್ಲಿ ಹೆಜ್ಜೆಗೆ ಅಂಕ ಇಲ್ಲ, ವಿಧಾನ ಸರಿ ಇದೆ ಎಂದು ತೋರಿಸಲೂ ಆಗುವುದಿಲ್ಲ. ಪೂರ್ಣಾಂಕ ಕೇಳಿದ್ದಾರೆ ಎಂದು ನಡುವೆಯೂ ಪೂರ್ಣಾಂಕಗಳಲ್ಲೇ ಹೋಗುವುದು ಇದಕ್ಕಿಂತಲೂ ಅಪಾಯ.

ಹತ್ತಿರದ ಸಂಖ್ಯೆಗೆ ರೌಂಡ್ ಮಾಡಬಾರದ ಜಾಗ

ಇಷ್ಟು ಹೊತ್ತು ನೋಡಿದ್ದು ಹತ್ತಿರದ ಸಂಖ್ಯೆಗೆ ತರುವುದು. ಆದರೆ "ಗರಿಷ್ಠ ಎಷ್ಟು", "ಕನಿಷ್ಠ ಎಷ್ಟು" ಎಂದು ಕೇಳಿದಾಗ ಹತ್ತಿರ ಯಾವುದು ಎಂಬುದಲ್ಲ, ಯಾವ ಕಡೆ ಸುರಕ್ಷಿತ ಎಂಬುದು ಮುಖ್ಯ. ಇದನ್ನು ಮಕ್ಕಳಿಗೆ ಸಾಕಷ್ಟು ಹೇಳಿಕೊಡುವುದಿಲ್ಲ ಎಂದು ನನ್ನ ಅನಿಸಿಕೆ.

65 ಕಿಲೋ ತೂಗುವ ಅಡಿಕೆ ಚೀಲಗಳನ್ನು ರಾಟೆ ಹಗ್ಗದಲ್ಲಿ ಅಟ್ಟಕ್ಕೆ ಎಳೆಯಬೇಕು. ಹಗ್ಗ ತಡೆಯುವ ಮಿತಿ 1700 ನ್ಯೂಟನ್. ಒಂದು ಸಲಕ್ಕೆ ಎಷ್ಟು ಚೀಲ ಕಟ್ಟಬಹುದು? 1700 ನ್ನು 9.8 ರಿಂದ ಭಾಗಿಸಿದರೆ 173.5 ಕಿಲೋ. ಅದನ್ನು 65 ರಿಂದ ಭಾಗಿಸಿದರೆ 2.67. ಹತ್ತಿರದ ಪೂರ್ಣಾಂಕ 3. ಮೂರು ಚೀಲ ಕಟ್ಟಿದರೆ 195 ಕಿಲೋ, ಹಗ್ಗದ ಮೇಲೆ 1911 ನ್ಯೂಟನ್. ಮಿತಿ ಮೀರಿತು. ಉತ್ತರ 2.

ಇಷ್ಟು ಯಾರಿಗಾದರೂ ಹೊಳೆಯುತ್ತದೆ, ಚೀಲ ಅರ್ಧ ಕಟ್ಟಲು ಬರುವುದಿಲ್ಲವಲ್ಲ. ಮುಂದಿನ ಭಾಗದಲ್ಲಿ ತಪ್ಪು ಅಷ್ಟು ಬೇಗ ಕಾಣುವುದಿಲ್ಲ. ಎರಡು ಚೀಲ, ಅಂದರೆ 130 ಕಿಲೋ ಕಟ್ಟಿದ ಮೇಲೆ ಗರಿಷ್ಠ ಎಷ್ಟು ವೇಗೋತ್ಕರ್ಷದಲ್ಲಿ ಮೇಲೆ ಎಳೆಯಬಹುದು?

```
a = T/m − g
```

1700 ನ್ನು 130 ರಿಂದ ಭಾಗಿಸಿದರೆ 13.077. 9.8 ಕಳೆದರೆ 3.277 ಮೀ/ಸೆ². ಎರಡಂಕಿಗೆ ರೌಂಡ್ ಮಾಡಿದರೆ 3.3 ಎನ್ನುತ್ತದೆ ನಿಯಮ. ಅದನ್ನು ಹಿಂದಕ್ಕೆ ಹಾಕಿ ನೋಡಿ. 130 × (9.8 + 3.3) = 1703 ನ್ಯೂಟನ್, ಮಿತಿಗಿಂತ ಮೂರು ಜಾಸ್ತಿ. 3.2 ಹಾಕಿದರೆ 1690, ಮಿತಿಯೊಳಗೆ ಇದೆ. ಹಾಗಾಗಿ ಗರಿಷ್ಠ ಕೇಳಿದಾಗ ಕೆಳಗೆ ಇಳಿಸಿ 3.2 ಬರೆಯಬೇಕು. ಕನಿಷ್ಠ ಬಲ ಎಷ್ಟು ಬೇಕು ಎಂದು ಕೇಳಿದರೆ ಇದರ ಉಲ್ಟಾ, ಮೇಲಕ್ಕೆ ಏರಿಸಿ ಬರೆಯಬೇಕು. 412 ನ್ಯೂಟನ್ ಇಲ್ಲದೆ ಅಲ್ಲಾಡದ ಪೆಟ್ಟಿಗೆ 410 ಕ್ಕೆ ಅಲ್ಲಾಡುವುದಿಲ್ಲ, 420 ಬೇಕು. ಪರೀಕ್ಷೆಯ ಕೀಲಿ ಉತ್ತರದಲ್ಲಿ 3.3 ಎಂದೇ ಇರಬಹುದು. ಆಗ 3.27 ಎಂದು ಒಂದಂಕಿ ಜಾಸ್ತಿ ಬರೆದು, ಬದಿಯಲ್ಲಿ "ಎರಡಂಕಿಯಲ್ಲಿ ಮಿತಿಯೊಳಗಿನ ಬೆಲೆ 3.2" ಎಂದು ಸೇರಿಸಿದರೆ ಮೌಲ್ಯಮಾಪಕರಿಗೂ ನೀವು ಏನು ಮಾಡಿದ್ದೀರಿ ಎಂದು ತಿಳಿಯುತ್ತದೆ.